ಕೊಪ್ಪರಿಗೆಯೊಳಗಿನ ನೀರು ಎಲ್ಲಿ ಹೋಯಿತು?

ತೆರೆಯ ಮೇಲೆ ಚಿತ್ರ ಓಡುತ್ತಿರುವಾಗ ಹಿನ್ನೆಲೆಯಿಂದ ಒಂದು ಧ್ವನಿ ಚಿಕ್ಕ ಮಕ್ಕಳಿಗೆ ವಿಜ್ಞಾನ ಹೇಳುವ ಪದ್ಧತಿ ಕನ್ನಡಕ್ಕೆ ಹೊಸದಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೇರಿಕೆಯ ಉಪಗ್ರಹವೊಂದರ ಮೂಲಕ ಭಾರತದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತೋರಿಸಲಾಯಿತು. ಅವುಗಳಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಮುಂಜಾನೆಯ ಕಾರ್ಯಕ್ರಮ ಶಾಲೆಯ ಮಕ್ಕಳಿಗಾಗಿ. ಒಂದೇ ಚಿತ್ರಕ್ಕೆ ಎರಡು ಭಾಷೆಗಳ ಧ್ವನಿ ಜೋಡಿಸುವ ಅನುಕೂಲ ಆ ಉಪಗ್ರಹಕ್ಕಿತ್ತು. ಈಗ ಅದೇ ಕೆಲಸವನ್ನು ಪಾಲಕರ ಕೈಯಲ್ಲಿರುವ ಮೊಬೈಲು ಮಾಡುತ್ತಿದೆ. ಆದರೆ ಒಂದು ತೊಡಕು ಅಂದಿನಂತೆಯೇ ಇಂದಿಗೂ ಉಳಿದಿದೆ. ಆ ಧ್ವನಿಗೆ ಬಾಯಿಯುಂಟು, ಕಿವಿಯಿಲ್ಲ.

"ನೀರು ಕಾದರೆ ಆವಿಯಾಗುತ್ತದೆ, ಅಲ್ಲವೇ ಮಕ್ಕಳೇ?" ಎಂದು ಧ್ವನಿ ಕೇಳುತ್ತದೆ. ಮಕ್ಕಳು ಒಕ್ಕೊರಲಿನಿಂದ "ಹೌದು!" ಎನ್ನುತ್ತಾರೆ. ಈ "ಹೌದು" ನಮಗೆ ಏನನ್ನೂ ತಿಳಿಸುವುದಿಲ್ಲ. ಉತ್ತರ ಪ್ರಶ್ನೆಯ ರಾಗದಲ್ಲಿಯೇ ಇತ್ತು. ಮಗು ಕೊಪ್ಪರಿಗೆಯನ್ನು ನೋಡದೆಯೂ ಹಾಗೆ ಕೂಗಬಲ್ಲದು. ಕೂಗಿ ಉತ್ತರಿಸುವುದು ಮಕ್ಕಳಿಗೆ ಬಲು ಪ್ರೀತಿ. ಅದನ್ನು ಬಿಡಿಸಬೇಕೆಂದು ನಾವು ಹೇಳುವುದಿಲ್ಲ. ಆದರೆ ಪ್ರಶ್ನೆ ಎರಡು ಕವಲಿನದಾಗಿರಬೇಕು, ಮತ್ತು ಅದರ ನಂತರ ಧ್ವನಿ ಸುಮ್ಮನಿರಬೇಕು ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಬಿದ್ರಿಯ ಸುತ್ತಲಿನ ಮಗುವಿಗೆ ತಿಳಿದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕಬ್ಬು, ಸಕ್ಕರೆ ಕಾರ್ಖಾನೆ, ಮರಾಠಿಯಲ್ಲಿ ಗುರ್ಹಾಳ ಎನ್ನುವ ಬೆಲ್ಲದ ಗಾಣ, ಇವು ಇಲ್ಲಿಯ ಮಕ್ಕಳಿಗೆ ಹೊಸವಲ್ಲ. ಕೊಪ್ಪರಿಗೆಯ ತುಂಬ ಹಾಕಿದ ಹಾಲು ಕುದಿಕುದಿದು ಕೊನೆಗೆ ತಳದಲ್ಲಿ ಸ್ವಲ್ಪವೇ ಗಟ್ಟಿ ಬೆಲ್ಲ ಉಳಿಯುತ್ತದೆ. (ಕಬ್ಬಿನ ರಸಕ್ಕೆ ನಮ್ಮಲ್ಲಿ ಹಾಲು ಎನ್ನುವುದನ್ನು ಧ್ವನಿ ಕೊಡುವವರು ಮರೆಯಬಾರದು, ಇಲ್ಲವಾದರೆ ಮಗುವಿನ ಮನಸ್ಸು ಎಮ್ಮೆಯ ಕಡೆಗೆ ಹೋದೀತು!) ಈಗ ಧ್ವನಿ ಕೇಳಲಿ: "ಮೇಲೆ ಹೋಗುವ ಹಬೆಯನ್ನು ಹಿಡಿದು ನೆಕ್ಕಿದರೆ ಸಿಹಿಯೋ, ಸಪ್ಪೆಯೋ? ಸಿಹಿ ಎನ್ನುವವರು ಕೈ ಎತ್ತಿರಿ." ಆಮೇಲೆ ಮೌನ. ಮೇರಿ ಬಡ್ ರೋ ಎಂಬ ಅಮೇರಿಕೆಯ ಶಿಕ್ಷಣತಜ್ಞೆ 1970ರ ದಶಕದಲ್ಲಿ ಗಮನಿಸಿದಂತೆ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಾರೆ. 3 ಸೆಕೆಂಡು ಕಾದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದವರೂ ಬಾಯಿಬಿಡುತ್ತಾರೆ. ಮುದ್ರಿತ ಧ್ವನಿಯಲ್ಲಿ ಈ ಮೌನವನ್ನು ಗಡಿಯಾರ ನೋಡಿಯೇ ಇಡಬೇಕು, ಏಕೆಂದರೆ ಓದುವವರಿಗೆ 3 ಸೆಕೆಂಡು ಬಹಳ ದೀರ್ಘವೆನಿಸುತ್ತದೆ. ಕೈ ಎತ್ತಿಸುವುದಿದ್ದರೆ 5 ಸೆಕೆಂಡಾದರೂ ಬೇಕು.

ಅನಂತರ ಹೋಲಿಕೆ ಬರಲಿ. "ಜಾತ್ರೆಯ ಗದ್ದಲದಲ್ಲಿ ಹಗುರ ಮೈಯ ಹುಡುಗರಿದ್ದಾರೆ, ಕಂಬಳಿ ಹೊದ್ದು ಕುಳಿತ ಭಾರದ ಅಜ್ಜಂದಿರೂ ಇದ್ದಾರೆ. ಡೊಳ್ಳು ಜೋರಾದರೆ ಗುಂಪಿನಿಂದ ಜಿಗಿದು ಓಡುವವರು ಯಾರು?" "ಹುಡುಗರು!" "ಕುಳಿತಲ್ಲೇ ಉಳಿಯುವವರು ಯಾರು?" "ಅಜ್ಜಂದಿರು!" ಡೊಳ್ಳು ಎಂದರೆ ಬೆಂಕಿಯ ಕಾವು, ಹುಡುಗರು ನೀರಿನ ಕಣ, ಅಜ್ಜಂದಿರು ಸಕ್ಕರೆಯ ಕಣ. ಇದು ಬರೀ ಕಥೆಯಲ್ಲ. ಸಕ್ಕರೆಯ ಒಂದು ಕಣ ನೀರಿನ ಕಣಕ್ಕಿಂತ ಸುಮಾರು 19 ಪಟ್ಟು ಭಾರವಾಗಿದ್ದು, ನೆರೆಯ ಕಣಗಳನ್ನು ಬಲವಾಗಿ ಹಿಡಿದುಕೊಂಡಿರುತ್ತದೆ.

ಹೋಲಿಕೆ ಎಲ್ಲಿ ಮುಗಿಯಿತೆಂಬುದನ್ನೂ ಅದೇ ಧ್ವನಿ ಹೇಳಬೇಕು. ಹೆಚ್ಚಿನ ಪಾಠಗಳು ಎಡವುವುದು ಇಲ್ಲಿಯೇ. ಹುಡುಗರು ಮನಸ್ಸು ಮಾಡಿ ಓಡುತ್ತಾರೆ. ನೀರಿನ ಕಣಕ್ಕೆ ಮನಸ್ಸಿಲ್ಲ, ಕಾವು ತಳ್ಳಿದ ಕಡೆಗೆ ಅದು ಹೋಗುತ್ತದೆ. ಇನ್ನು ಕಾದ ಕಣ ಪೂರಿಯಂತೆ ಉಬ್ಬುತ್ತದೆಂದು ಎಷ್ಟೋ ಮಕ್ಕಳು ತಿಳಿಯುತ್ತಾರೆ. ಕಣ ಇದ್ದಷ್ಟೇ ಇರುತ್ತದೆ, ನಡುವಿನ ಅಂತರ ಮಾತ್ರ ಬೆಳೆಯುತ್ತದೆ. ಕುದಿಯುವ 1 ಲೀಟರು ನೀರು ಪೂರ್ತಿ ಆವಿಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಬೇಡುವುದು ಈ ಅಂತರದಿಂದಲೇ. ಕುದಿಯುವಾಗ ಏಳುವ ಗುಳ್ಳೆಯೊಳಗೆ ಗಾಳಿಯಿದೆ ಎಂಬುದೂ ಇಂಥದೇ ತಪ್ಪು ತಿಳಿವಳಿಕೆ; ಅದರೊಳಗಿರುವುದು ನೀರಿನ ಆವಿ.

ಕೈ ಎತ್ತಿಸಿದ ಮೇಲೆ ನಿಜವೇನೆಂದು ತೋರಿಸದಿದ್ದರೆ ಮಕ್ಕಳಿಗೆ ಮೋಸ ಮಾಡಿದಂತೆ. ಚಿತ್ರವನ್ನು ನಿಲ್ಲಿಸಿ, ಮನೆಯಲ್ಲಿ ದೊಡ್ಡವರು ಒಂದು ತಂಬಿಗೆ ನೀರಿಗೆ ನಾಲ್ಕು ಚಮಚ ಸಕ್ಕರೆ ಹಾಕಿ ಕುದಿಸಲಿ. ತಣ್ಣನೆಯ ಶುಭ್ರವಾದ ಸ್ಟೀಲಿನ ತಾಟನ್ನು ಒಂದು ಗೇಣು ಎತ್ತರದಲ್ಲಿ ಇಕ್ಕಳದಿಂದ ಓರೆಯಾಗಿ ಹಿಡಿದರೆ ಅದರ ತಳದಲ್ಲಿ ಹನಿಗಟ್ಟುತ್ತದೆ. ತಾಟು ಆರಿದ ಮೇಲೆ ಮಗು ಆ ಹನಿಯ ರುಚಿ ನೋಡಲಿ. ಸಪ್ಪೆ! ಸಿಹಿಯಾಗಿದ್ದರೆ ತಾಟು ತೀರ ಕೆಳಗಿತ್ತು, ಕುದಿಯುವ ಪಾಕವೇ ಸಿಡಿದು ಅಂಟಿತು ಎಂದು ತಿಳಿಯಬೇಕು. ಉರಿ ತಗ್ಗಿಸಿ, ತಾಟು ತೊಳೆದು, ಇನ್ನಷ್ಟು ಮೇಲೆ ಹಿಡಿದು ನೋಡಬೇಕು.

ಮಗುವಿಗೆ ಇದು ತಿಳಿಯಿತೇ ಎಂಬುದು ಆ ಹೊತ್ತಿನ ಗದ್ದಲದಲ್ಲಿ ಗೊತ್ತಾಗುವುದಿಲ್ಲ. ಎರಡು ದಿನ ಬಿಟ್ಟು, ಬೆಲ್ಲದ ಮಾತೆತ್ತದೆ, ಪಾಲಕರು ಬೇರೊಂದು ಪ್ರಶ್ನೆ ಕೇಳಲಿ: "ಬೆವರಿನಲ್ಲಿ ತೊಯ್ದ ಅಪ್ಪನ ಅಂಗಿ ಒಣಗಿದಾಗ ಬೆನ್ನ ಮೇಲೆ ಬಿಳಿಯ ಗೆರೆ ಮೂಡಿದೆಯಲ್ಲ, ಅದು ಎಲ್ಲಿಂದ ಬಂತು?" ಕೇಳಿದ ಮೇಲೆ 3 ಸೆಕೆಂಡು ಕಾಯಲಿ.