ಅಂಕಿ–ಅಂಶದ ಸಂಜೆ: ಎರಡನೆಯ ಚಲನೆಗೆ ಕಾಯುವುದೇ ಲೇಸು

ಅಂಗಡಿಯ ಚಿನ್ನದ ದಾಸ್ತಾನನ್ನು ಬೆಲೆ ಕುಸಿತದಿಂದ ರಕ್ಷಿಸಿಕೊಳ್ಳಲು ಹೊಳೆನರಸೀಪುರದಲ್ಲಾಗಲಿ ಕಟ್ಟಾಯದಲ್ಲಾಗಲಿ ಕುಳಿತೇ ಎಂ.ಸಿ.ಎಕ್ಸ್. ವಾಯಿದಾ ಮಾರುಕಟ್ಟೆಯಲ್ಲಿ ವ್ಯವಹರಿಸಲು ಇಂದು ಸಾಧ್ಯವಿದೆ. ಆದರೆ ಅಮೆರಿಕದ ಬೆಲೆಯೇರಿಕೆಯ ಅಂಕಿ ಹೊರಬೀಳುವ ನಿಮಿಷದಲ್ಲಿಯೇ ಆದೇಶ ನೀಡುವುದು ವರ್ತಕರಿಗೆ ತಕ್ಕ ಕ್ರಮವಲ್ಲವೆಂಬುದು ನಮ್ಮ ಅಭಿಪ್ರಾಯ. ಈ ಅಂಕಿ ನಮ್ಮಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಸಂಜೆ 6ಕ್ಕೆ, ಚಳಿಗಾಲದಲ್ಲಿ 7ಕ್ಕೆ ಪ್ರಕಟವಾಗುತ್ತದೆ.

2022ರ ಅಕ್ಟೋಬರ್ 13ರ ಸಂಜೆಯನ್ನು ನೋಡೋಣ. ಬೆಲೆಯೇರಿಕೆ ಶೇ. 8.1 ಇರಬಹುದೆಂಬ ನಿರೀಕ್ಷೆಗೆ ಬದಲಾಗಿ ಶೇ. 8.2 ಬಂದಿತು. ಚಿನ್ನವೂ ಷೇರುಗಳೂ ಒಮ್ಮೆಲೇ ಕುಸಿದವು. ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ ಶೇ. 2ಕ್ಕೂ ಹೆಚ್ಚು ಇಳಿದು, ಬಳಿಕ ತಿರುಗಿ, ದಿನದ ಕೊನೆಗೆ ಶೇ. 2.6ರಷ್ಟು ಏರಿಕೆಯಲ್ಲಿ ಮುಕ್ತಾಯವಾಯಿತು. ಚಿನ್ನವೂ ಕಳೆದುಕೊಂಡುದರಲ್ಲಿ ಬಹುಪಾಲನ್ನು ಮರಳಿ ಪಡೆಯಿತು. ಮೊದಲ ಕುಸಿತದಲ್ಲಿ ಗಾಬರಿಯಿಂದ ಮಾರಿದವರು ತಳದ ಬೆಲೆಗೆ ಮಾರಿದಂತಾಯಿತು.

ಇದಕ್ಕೆ ಕಾರಣವಿದೆ. ಪ್ರಕಟಣೆಗೆ ಮುನ್ನ ದೊಡ್ಡ ವ್ಯವಹಾರಸ್ಥರು ತಮ್ಮ ಆದೇಶಗಳನ್ನು ಹಿಂತೆಗೆದುಕೊಳ್ಳುವುದರಿಂದ ಕೊಳ್ಳುವ ಮತ್ತು ಮಾರುವ ದರಗಳ ಅಂತರ ಹಿಗ್ಗುತ್ತದೆ. ಗಣಕಯಂತ್ರಗಳು ಮೊದಲ ಅಂಕಿಯನ್ನಷ್ಟೇ ಓದಿ ವ್ಯವಹರಿಸುತ್ತವೆ. ಒಂದೊಂದಾಗಿ ಸ್ಟಾಪ್‌ಲಾಸ್‌ಗಳು ಕಡಿದು ಉದ್ದನೆಯ ಕ್ಯಾಂಡಲ್ ಮೂಡುತ್ತದೆ. ವರದಿಯ ವಿವರಗಳನ್ನು ತೂಗಿ ನೋಡಿದವರು ಬಂದ ಮೇಲೆಯೇ ನಿಜವಾದ ದಿಕ್ಕು ತಿಳಿಯುವುದು. 100 ಗ್ರಾಂನ ಗೋಲ್ಡ್ ಮಿನಿಯಲ್ಲಿ 50,500ಕ್ಕೆ ಇಟ್ಟ ಸ್ಟಾಪ್ 50,300ಕ್ಕೆ ಕಡಿದರೆ, 10 ಗ್ರಾಂಗೆ 200ರಂತೆ ಒಂದು ಲಾಟಿಗೆ 2,000 ರೂಪಾಯಿ ಹೆಚ್ಚುವರಿ ನಷ್ಟ.

ಆದ್ದರಿಂದ ಮೊದಲ 15 ನಿಮಿಷಗಳ ಕ್ಯಾಂಡಲ್ ಪೂರ್ಣಗೊಳ್ಳಲಿ. ಅದರ ಮೇಲ್ತುದಿ ಮತ್ತು ಕೆಳತುದಿಗಳನ್ನು ಗುರುತಿಸಿಕೊಂಡು, ಮುಂದಿನ 5 ನಿಮಿಷಗಳ ಕ್ಯಾಂಡಲ್ ಯಾವ ತುದಿಯ ಹೊರಗೆ ಮುಕ್ತಾಯವಾಗುವುದೋ ಅದುವರೆಗೆ ಕಾಯಬೇಕು. ಆ ಅಕ್ಟೋಬರ್ ಸಂಜೆಯಂತೆ ತಿರುವಿಗೆ ಒಂದು ಗಂಟೆಗೂ ಹೆಚ್ಚು ಕಾಲ ಹಿಡಿಯಬಹುದು.

ಈ ಕ್ರಮಕ್ಕೂ ಮಿತಿಯುಂಟು. ಅದೇ ವರ್ಷದ ನವೆಂಬರ್ 10ರಂದು ಅಂಕಿ ಶೇ. 7.7ಕ್ಕೆ ಇಳಿದಾಗ ಬೆಲೆಗಳು ಏರಿ, ಹಿಂತಿರುಗಲಿಲ್ಲ, ಸೂಚ್ಯಂಕ ಶೇ. 5.5ರಷ್ಟು ಏರಿತು. ಕಾದವರಿಗೆ ಲಾಭದ ಮೊದಲ ಭಾಗ ತಪ್ಪಿತು, ಉಳಿದ ಭಾಗ ದಕ್ಕುವಂತಿತ್ತು. ಕೆಲವೊಮ್ಮೆ ಎರಡನೆಯ ಚಲನೆಯೂ ಹುಸಿಯಾಗುತ್ತದೆ. ಮೇಲಾಗಿ ಕ್ಯಾಂಡಲ್ 400 ರೂಪಾಯಿ ಅಗಲವಿದ್ದರೆ ಎದುರು ತುದಿಯ ಸ್ಟಾಪ್‌ನಿಂದ ಲಾಟಿಗೆ 4,000 ರೂಪಾಯಿ ಹೋಗುವುದು. ಅಷ್ಟನ್ನು ತಾಳಲಾರದವರು ಲಾಟುಗಳನ್ನು ಇಳಿಸಬೇಕು, ಇಲ್ಲವೇ ಆ ಸಂಜೆ ಸುಮ್ಮನಿರಬೇಕು. ದಾಸ್ತಾನಿನ ರಕ್ಷಣೆಯೇ ಉದ್ದೇಶವಾದರೆ ಆ ಕೆಲಸವನ್ನು ಹಿಂದಿನ ದಿನವೇ ಮುಗಿಸಿಕೊಳ್ಳುವುದು ಒಳಿತು.