ವಯಸ್ಸು ಕದಿಯುವ ಸೆಕೆಂಡ್ ಎಷ್ಟು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಯಾವ ಊರಿನ ಕಾಲೇಜು ಮೈದಾನಕ್ಕಾದರೂ ಬೆಳಿಗ್ಗೆ ಐದೂವರೆಗೆ ಹೋಗಿ ನೋಡಿ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ನಡೆಸುವ ನಾಲ್ಕಾರು ಹುಡುಗರು ಸುತ್ತು ಹೊಡೆಯುತ್ತಿರುತ್ತಾರೆ. ಅವರಲ್ಲಿ ಇಪ್ಪತ್ತೇಳರ ಅಂಚಿಗೆ ಬಂದವನೊಬ್ಬ ಸೊಂಟದ ಮೇಲೆ ಕೈಯಿಟ್ಟು ನಿಂತು, ‘ನಮಗೆ ವಯಸ್ಸಾತಲೇ, ಇಪ್ಪತ್ತೊಂದರ ಹುಡುಗ್ರ ಜೊತಿ ನಾವೆಲ್ಲಿ ಓಡಾಕಾಕ್ಕತಿ’ ಅನ್ನುವುದನ್ನೂ ಕೇಳಬಹುದು. ನಾನೂ ಈ ಮಾತನ್ನು ನಿಜವೆಂದೇ ನಂಬಿದ್ದೆ. ಲೆಕ್ಕ ಹಾಕಿ ನೋಡಿದ ಮೇಲೆ ನಂಬಿಕೆ ಬಿಟ್ಟೆ.

ಓಟದಲ್ಲಿ ವಯಸ್ಸು ಎಷ್ಟು ಸೆಕೆಂಡ್ ಕದಿಯುತ್ತದೆ ಎಂದು ಅಳೆಯಲು ಒಂದು ವಿಧಾನವಿದೆ. ಅದಕ್ಕೆ ‘ಏಜ್ ಗ್ರೇಡಿಂಗ್’ ಎನ್ನುತ್ತಾರೆ. ಹಿರಿಯ ಅಥ್ಲೀಟ್‌ಗಳ ವಿಶ್ವ ಸಂಘಟನೆ 1989ರಲ್ಲಿ ಇದರ ಪಟ್ಟಿಯನ್ನು ಹೊರತಂದಿತು. ಆಮೇಲೆ ಅದು ಹಲವು ಬಾರಿ ಪರಿಷ್ಕರಣೆಯಾಗಿದೆ. ಒಂದೊಂದು ವಯಸ್ಸಿನಲ್ಲಿ ಜಗತ್ತಿನಲ್ಲಿ ಯಾರು ಅತಿ ವೇಗವಾಗಿ ಓಡಿದ್ದಾರೆ ಎಂದು ನೋಡಿ, ಆ ಬಿಂದುಗಳ ಮೇಲೆ ನಯವಾದ ಗೆರೆ ಎಳೆದು, ಪ್ರತಿ ವಯಸ್ಸಿಗೂ ಒಂದು ಗುಣಕ ಕೊಟ್ಟಿದ್ದಾರೆ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಪಟ್ಟಿ. ಒಂದೊಂದು ದೂರಕ್ಕೂ ಬೇರೆ ಅಂಕಣ.

ಬಳಸುವುದು ಸುಲಭ. ಆ ದೂರಕ್ಕೆ ನಿಗದಿಯಾದ ಅತ್ಯುತ್ತಮ ಸಮಯವನ್ನು ವಯಸ್ಸಿನ ಗುಣಕದಿಂದ ಭಾಗಿಸಿದರೆ ಆ ವಯಸ್ಸಿನ ಮಾನದಂಡ ಸಿಗುತ್ತದೆ. ಆ ಮಾನದಂಡವನ್ನು ನಿಮ್ಮ ಸಮಯದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದೇ ನಿಮ್ಮ ಶೇಕಡಾವಾರು. ಅರವತ್ತು ದಾಟಿದರೆ ಸ್ಥಳೀಯ ಮಟ್ಟ, ಎಂಬತ್ತು ದಾಟಿದರೆ ರಾಷ್ಟ್ರಮಟ್ಟ, ತೊಂಬತ್ತು ದಾಟಿದರೆ ವಿಶ್ವಮಟ್ಟ ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ನನ್ನ ಮನೆಯದೇ ಉದಾಹರಣೆ ಕೊಡುತ್ತೇನೆ. ನನಗೆ 23. ಐದು ಕಿಲೋಮೀಟರನ್ನು 20 ನಿಮಿಷದಲ್ಲಿ ಓಡುತ್ತೇನೆ. ಹೊಲದ ಕೆಲಸದ ನಡುವೆಯೂ ಓಟ ಬಿಡದ ನಮ್ಮ ಸೋದರಮಾವನಿಗೆ ದಾಖಲೆಯ ಪ್ರಕಾರ 50. ಅವರಿಗೆ ಅದೇ ದೂರಕ್ಕೆ 22 ನಿಮಿಷ ಬೇಕು. ಐದು ಕಿಲೋಮೀಟರಿಗೆ ಗಂಡಸರ ಮಾನದಂಡ ಸುಮಾರು 12 ನಿಮಿಷ 50 ಸೆಕೆಂಡ್, ಅಂದರೆ 770 ಸೆಕೆಂಡ್. ನನ್ನ ವಯಸ್ಸಿಗೆ ಗುಣಕ 1. ಹಾಗಾಗಿ 770ನ್ನು ನನ್ನ 1200 ಸೆಕೆಂಡಿನಿಂದ ಭಾಗಿಸಿದರೆ ಶೇ 64.2. ಐವತ್ತಕ್ಕೆ ಗುಣಕ ದುಂಡಾಗಿ 0.89. 770ನ್ನು ಅದರಿಂದ ಭಾಗಿಸಿದರೆ 865 ಸೆಕೆಂಡ್. ಅದನ್ನು ಮಾವನ 1320 ಸೆಕೆಂಡಿನಿಂದ ಭಾಗಿಸಿದರೆ ಶೇ 65.5. ಎರಡು ನಿಮಿಷ ಹಿಂದೆ ಬಂದರೂ ಗೆದ್ದದ್ದು ಮಾವನೇ.

ಈಗ ಇದೇ ಪಟ್ಟಿಯನ್ನು ನಮ್ಮ ಪೊಲೀಸ್ ಓಟಕ್ಕೆ ಹಿಡಿಯೋಣ. ಪುರುಷ ಅಭ್ಯರ್ಥಿ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಹಿಶಾಮ್ ಎಲ್ ಗೆರೂಜ್ 1999ರಲ್ಲಿ ಒಂದು ಮೈಲಿಯನ್ನು, ಅಂದರೆ 1609 ಮೀಟರನ್ನು, 3 ನಿಮಿಷ 43.13 ಸೆಕೆಂಡಿನಲ್ಲಿ ಓಡಿದರು. ಆ ಲೆಕ್ಕದಲ್ಲಿ 1600 ಮೀಟರಿಗೆ 222 ಸೆಕೆಂಡ್ ಎಂದಿಟ್ಟುಕೊಂಡರೆ, ನಮ್ಮ 390 ಸೆಕೆಂಡಿನ ಗಡಿ ಶೇ 57 ಆಗುತ್ತದೆ. ಸ್ಥಳೀಯ ಮಟ್ಟಕ್ಕಿಂತ ತುಸು ಕೆಳಗೆ.

ಇಪ್ಪತ್ತೊಂದರವನಿಗೂ ಇಪ್ಪತ್ತೇಳರವನಿಗೂ ಪಟ್ಟಿಯಲ್ಲಿ ವ್ಯತ್ಯಾಸ ಎಷ್ಟು? ಹೆಚ್ಚುಕಡಿಮೆ ಏನೂ ಇಲ್ಲ. ಇಪ್ಪತ್ತರ ದಶಕದುದ್ದಕ್ಕೂ ಗುಣಕ 1ರ ಆಸುಪಾಸಿನಲ್ಲೇ ಇರುತ್ತದೆ. ಶೇ 1ರಷ್ಟು ವ್ಯತ್ಯಾಸ ಇದೆ ಎಂದೇ ಧಾರಾಳವಾಗಿ ಒಪ್ಪಿಕೊಂಡರೂ 390 ಸೆಕೆಂಡಿನಲ್ಲಿ ಅದು ನಾಲ್ಕು ಸೆಕೆಂಡ್. ಮಾವನ ವಯಸ್ಸಿನವರಿಗಾದರೆ ಅದೇ ಮಟ್ಟದ ಓಟಕ್ಕೆ ಸುಮಾರು 7 ನಿಮಿಷ 20 ಸೆಕೆಂಡ್ ಕೊಡಬೇಕಾಗುತ್ತಿತ್ತು. ಅವರು ವಯಸ್ಸಿನ ಮಾತಾಡಿದರೆ ಅರ್ಥವಿದೆ. ಆದ್ದರಿಂದ ನೇಮಕಾತಿಯಲ್ಲಿ ಇಪ್ಪತ್ತರ ಹರೆಯದವರಿಗೆಲ್ಲ ಒಂದೇ ಸಮಯ ಇಟ್ಟಿರುವುದರಲ್ಲಿ ಅನ್ಯಾಯವೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಇಪ್ಪತ್ತೇಳರ ಗೆಳೆಯ 6 ನಿಮಿಷ 50 ಸೆಕೆಂಡಿಗೆ ನಿಲ್ಲುವುದೇಕೆ? ಡಿಗ್ರಿ ಮುಗಿದ ಮೇಲೆ ನಾಲ್ಕು ವರ್ಷ ಗ್ರಂಥಾಲಯದಲ್ಲಿ ಕೂತು ಓದಿದ್ದಾನೆ, ಓಡಿದ್ದು ಅರ್ಜಿ ಕರೆದಾಗ ಮಾತ್ರ. ಆ ನಾಲ್ಕು ವರ್ಷದಲ್ಲಿ ಹೋದದ್ದು ಪ್ರಾಯವಲ್ಲ, ಅಭ್ಯಾಸ. ಹೋದ ಪ್ರಾಯ ವಾಪಸ್ ಬರುವುದಿಲ್ಲ, ಹೋದ ಅಭ್ಯಾಸ ಬರುತ್ತದೆ. ಎರಡನ್ನೂ ಒಂದೇ ಎಂದುಕೊಂಡವನು ಮೈದಾನ ಬಿಟ್ಟುಬಿಡುತ್ತಾನೆ. ನನಗೆ ಬೇಸರ ತರಿಸುವುದು ಇದೇ.

ಇನ್ನೊಂದು ತಪ್ಪು ಕಾಲ ಕೆಳಗೇ ಇರುತ್ತದೆ. ನಮ್ಮ ಕಡೆ ಸುಣ್ಣದಲ್ಲಿ ಎಳೆದ ಇನ್ನೂರು ಮೀಟರಿನ ಸುತ್ತು ಎಷ್ಟೋ ಸಲ ಇನ್ನೂರು ಇರುವುದಿಲ್ಲ. ಅದು 195 ಇದ್ದರೆ ಎಂಟು ಸುತ್ತಿಗೆ 40 ಮೀಟರ್ ಕಡಿಮೆಯಾಯಿತು. ಊರಲ್ಲಿ 6 ನಿಮಿಷ 25 ಸೆಕೆಂಡಿಗೆ ಮುಗಿಸಿದೆ ಎಂದು ಖುಷಿಪಟ್ಟವನು ಪರೀಕ್ಷೆಯ ದಿನ ಹತ್ತು ಸೆಕೆಂಡ್ ಹೆಚ್ಚು ತೆಗೆದುಕೊಂಡು ಹೊರಬೀಳುತ್ತಾನೆ. ವಯಸ್ಸಿನ ನಾಲ್ಕು ಸೆಕೆಂಡಿಗಿಂತ ಈ ಹತ್ತು ದೊಡ್ಡದು. ಟೇಪು ಹಿಡಿದು ಒಮ್ಮೆ ಅಳೆದರೆ ಗೊತ್ತಾಗಿಬಿಡುತ್ತದೆ.

ಏಜ್ ಗ್ರೇಡಿಂಗ್ ನಿಜವಾಗಿ ಬೇಕಿರುವುದು ನಮ್ಮೂರ ಸಾರ್ವಜನಿಕ ಓಟಗಳಿಗೆ. ಸಾಮಾನ್ಯವಾಗಿ ‘ನಲವತ್ತು ಮೇಲ್ಪಟ್ಟವರು’ ಎಂದು ಒಂದೇ ಗುಂಪು ಮಾಡುತ್ತಾರೆ. ನಲವತ್ತೊಂದರವನು ಐವತ್ತೊಂಬತ್ತರವರನ್ನು ಹಿಂದೆ ಹಾಕಿ ಬಹುಮಾನ ಒಯ್ಯುತ್ತಾನೆ. ಶೇಕಡಾವಾರು ನೋಡಿ ಕೊಟ್ಟರೆ ಆ ಹಿರಿಯರಿಗೂ ಸರಿಯಾದ ಸ್ಪರ್ಧೆ ಸಿಗುತ್ತದೆ.

ಆದರೆ ಇಲ್ಲೊಂದು ತೊಡಕಿದೆ. ನಮ್ಮ ಹಿರಿಯರಲ್ಲಿ ಎಷ್ಟೋ ಜನ ‘ಹುಟ್ಟಿದ್ದು’ ಜೂನ್ 1ರಂದು! ತಲೆಯ ಮೇಲಿಂದ ಕೈ ಹಾಕಿಸಿ, ಆಚೆ ಕಿವಿ ಮುಟ್ಟಿತೋ ಇಲ್ಲವೋ ನೋಡಿ ಮೇಷ್ಟ್ರು ಬರೆದ ತಾರೀಖು ಅದು. ನಮ್ಮ ಮಾವನದೂ ಅದೇ. ‘ನಾನು ಹುಟ್ಟಿದ ವರ್ಷ ಅವ್ವಗೂ ನೆಪ್ಪಿಲ್ಲ’ ಅಂತಾರೆ. ಐವತ್ತರ ಆಸುಪಾಸಿನಲ್ಲಿ ಒಂದು ವರ್ಷಕ್ಕೆ ಸುಮಾರು ಶೇ 0.8 ವ್ಯತ್ಯಾಸ. ಮಾವ ನಿಜಕ್ಕೂ 47 ಆಗಿದ್ದರೆ ಗುಣಕ 0.913ರ ಹತ್ತಿರ ಹೋಗಿ ಅವರ ಅಂಕ ಶೇ 63.9ಕ್ಕೆ ಇಳಿಯುತ್ತದೆ, ಗೆಲುವು ನನ್ನದಾಗುತ್ತದೆ. ಇದು ನಮ್ಮ ಊರಿನ ಸಮಸ್ಯೆ ಮಾತ್ರವಲ್ಲ. 2011ರಲ್ಲಿ ನೂರು ವರ್ಷದವರೆಂದು ಟೊರೊಂಟೊ ಮ್ಯಾರಥಾನ್ ಮುಗಿಸಿದ ಫೌಜಾ ಸಿಂಗ್ ಅವರನ್ನು ಜನನ ಪ್ರಮಾಣಪತ್ರವಿಲ್ಲದ ಕಾರಣಕ್ಕೆ ಗಿನ್ನೆಸ್ ದಾಖಲೆಗೆ ಸೇರಿಸಲಿಲ್ಲ.

ಹಾಗಾಗಿ ಓಟ ಏರ್ಪಡಿಸುವವರು ದೂರವನ್ನು ಬೈಕಿನ ಮೀಟರ್ ನೋಡಿ ಅಂದಾಜು ಮಾಡದೆ ಅಳೆಯಲಿ, ಹಿರಿಯರ ಅಂಕ ಒಂದೆರಡು ಶೇಕಡಾದೊಳಗಿದ್ದರೆ ಇಬ್ಬರಿಗೂ ಬಹುಮಾನ ಹಂಚಲಿ. ಇನ್ನು ಇಪ್ಪತ್ತೇಳರ ಗೆಳೆಯರಿಗೆ ನನ್ನದೊಂದೇ ಮಾತು: ವಯಸ್ಸು ನಿಮ್ಮಿಂದ ಕದ್ದಿರುವುದು ಹೆಚ್ಚೆಂದರೆ ನಾಲ್ಕು ಸೆಕೆಂಡ್. ಉಳಿದ ಹದಿನಾರು ಸೆಕೆಂಡನ್ನು ಬೇರೆ ಕಡೆ ಹುಡುಕಿ.