ಕಣ್ಣೆರಡು ಬಿಟ್ಟು ಹೊಡೀರಿ ಅಂದವರಿಗೆ

"ಕಣ್ಣೆರಡು ಬಿಟ್ಟು ಎಲ್ಲೆರ ಹೊಡೀರಿ ಗುರುಗಳ, ಒಟ್ಟ ಇವಂಗ ಬುದ್ಧಿ ಬರಲಿ." ಬೈಲಹೊಂಗಲ, ಸವದತ್ತಿ ಕಡೆಯ ಹಳ್ಳಿಗಳಲ್ಲಿ ಮಗನನ್ನು ಸಾಲಿಗೆ ಹಚ್ಚುವಾಗ ಅಪ್ಪಂದಿರು ಹೇಳುತ್ತ ಬಂದ ಮಾತಿದು. ಇದನ್ನು ಗುರುಭಕ್ತಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಗುವಿನ ಮೈಯನ್ನು ಒಬ್ಬರು ಇನ್ನೊಬ್ಬರಿಗೆ ಬರೆದುಕೊಡಲು ಅದೇನು ಹೊಲದ ಉತಾರವಲ್ಲ. ಹಾಗೆ ಬರೆದುಕೊಟ್ಟಾಗ ಏಟು ಹೆಚ್ಚು ಬಿದ್ದದ್ದು ಯಾರಿಗೆ? ಕುಂತಲ್ಲಿ ಕೂಡದವನಿಗೆ, ಹಿಡಿದ ಕೆಲಸ ಅರ್ಧಕ್ಕೆ ಬಿಡುವವನಿಗೆ, ದಿನಾ ಒಂದು ಪೆನ್ಸಿಲ್ ಕಳೆದುಕೊಂಡು ಬರುವವನಿಗೆ. ಇಂಥ ಮಕ್ಕಳಲ್ಲಿ ಕೆಲವರಿಗೆ ಇರುವುದು ಸೊಕ್ಕಲ್ಲ, ಎಡಿಎಚ್‌ಡಿ.

ನಾಲ್ಕನೇ ತರಗತಿಯ ಗಣಿತದ ಪೀರಿಯಡ್ ಒಂದನ್ನು ತಗೊಳ್ಳೋಣ. "ಪುಸ್ತಕ ತೆಗೀರಿ, ನಲವತ್ತೆರಡನೇ ಪುಟದಾಗಿನ ಹತ್ತೂ ಲೆಕ್ಕ ನೋಟ್‌ಬುಕ್ಕಿನಾಗ ಬರಕೊಂಡು ಬಿಡಿಸಿ ನನಗ ತಂದು ತೋರಸ್ರಿ." ಗುರುಗಳಿಗೆ ಇದು ಒಂದು ಮಾತು. ಮಗುವಿಗೆ ಇದರಲ್ಲಿ ಆರು ಕೆಲಸಗಳಿವೆ. ಒಂದನ್ನು ಮಾಡುವಾಗ ಉಳಿದ ಐದನ್ನು ಮನಸ್ಸಿನಲ್ಲಿ ಹಿಡಿದಿಡಬೇಕು. ನಮ್ಮ ಹುಡುಗ ಪಾಟಿಚೀಲಕ್ಕೆ ಕೈ ಹಾಕುತ್ತಾನೆ, ನಿನ್ನೆಯ ಗೋಲಿ ಸಿಗುತ್ತದೆ. ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತದೆ, ಕಣ್ಣು ಅತ್ತ ಹೋಗುತ್ತದೆ. ಪುಸ್ತಕ ಸಿಗುವಷ್ಟರಲ್ಲಿ ಪುಟದ ಸಂಖ್ಯೆ ಮನಸ್ಸಿನಿಂದ ಜಾರಿರುತ್ತದೆ. ಬಗಲಿನವನ ಪುಸ್ತಕ ಇಣುಕಿದರೆ "ನಕಲು ಹೊಡಿತೀಯೇನು" ಎಂಬ ಮಾತು ಬೀಳುತ್ತದೆ. ಇಪ್ಪತ್ತು ನಿಮಿಷ ಕಳೆದಾಗ ಹಾಳೆ ಖಾಲಿ. ಅದೇ ಹುಡುಗನನ್ನು ಬೋರ್ಡಿಗೆ ಕರೆದು ಅದೇ ಲೆಕ್ಕ ಕೊಡಿ, ಸರಿಯಾಗಿ ಬಿಡಿಸುತ್ತಾನೆ. ಗುರುಗಳ ಸಿಟ್ಟು ನೆತ್ತಿಗೇರುವುದು ಆಗಲೇ: "ಬರತದ, ಖರೆ ಮಾಡಂಗಿಲ್ಲ!"

ಹೌದು, ಬರುತ್ತದೆ. ತೊಡಕಿರುವುದೇ ಅಲ್ಲಿ. ಎಡಿಎಚ್‌ಡಿ ಎಂದರೆ ಗೊತ್ತಿಲ್ಲದಿರುವ ಕಾಯಿಲೆಯಲ್ಲ, ಗೊತ್ತಿರುವುದನ್ನು ಬೇಕಾದ ಹೊತ್ತಿಗೆ ಮಾಡಲಾಗದ ತೊಂದರೆ ಎಂದು ಅಮೆರಿಕದ ಮನೋವಿಜ್ಞಾನಿ ರಸೆಲ್ ಬಾರ್ಕ್ಲಿ ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಡುವುದು, ಮುನ್ನುಗ್ಗುವ ಕೈಯನ್ನು ತಡೆಯುವುದು, ಬ್ಯಾಸರದ ಕೆಲಸವನ್ನು ಶುರು ಮಾಡುವುದು, ಹೊತ್ತಿನ ಅಂದಾಜು ಇಡುವುದು: ಇವನ್ನೆಲ್ಲ ಒಟ್ಟಾಗಿ ಕಾರ್ಯನಿರ್ವಹಣಾ ಸಾಮರ್ಥ್ಯ ಎನ್ನುತ್ತಾರೆ. ಈ ಮಕ್ಕಳಲ್ಲಿ ಅದು ತಡವಾಗಿ ಬಲಿಯುತ್ತದೆ. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಫಿಲಿಪ್ ಶಾ ಮತ್ತು ಸಂಗಡಿಗರು ಮಕ್ಕಳ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಮಿದುಳಿನ ಹೊರಪದರದ ಅರ್ಧದಷ್ಟು ಭಾಗ ಪೂರ್ತಿ ದಪ್ಪಕ್ಕೆ ಬರುವ ವಯಸ್ಸು ಉಳಿದ ಮಕ್ಕಳಲ್ಲಿ ಸುಮಾರು ಏಳೂವರೆ, ಎಡಿಎಚ್‌ಡಿ ಇರುವವರಲ್ಲಿ ಹತ್ತೂವರೆ. ಮೂರು ವರ್ಷದ ಈ ಅಂತರವನ್ನು ತುಂಬಲು ನಾವು ಬಳಸುತ್ತಿರುವುದು ಬೆತ್ತ!

ಬೆತ್ತ ಸೋಲುವುದಕ್ಕೆ ಕಾರಣ ಸ್ಪಷ್ಟ. ಹುಡುಗನ ಗಮನ ಜಾರಿದ್ದು ಮೊದಲ ನಿಮಿಷದಲ್ಲಿ, ಏಟು ಬಿದ್ದದ್ದು ಇಪ್ಪತ್ತನೇ ನಿಮಿಷದಲ್ಲಿ. ನಡುವಿನ ಹೊತ್ತನ್ನು ಜೋಡಿಸಿಕೊಳ್ಳುವುದೇ ಅವನಿಗೆ ಕಷ್ಟ. ಮುಂದೆ ಬೀಳುವ ಏಟು ಈಗಿನ ಕೈಯನ್ನು ತಡೆಯುವುದಿಲ್ಲ. ಹೆದರಿದ ಮನಸ್ಸಿನಲ್ಲಿ ಮಾತನ್ನು ಹಿಡಿದಿಡುವ ಜಾಗ ಇನ್ನಷ್ಟು ಕಿರಿದಾಗುತ್ತದೆ. ಆಟದ ಪೀರಿಯಡ್ ಕಸಿದುಕೊಳ್ಳುವುದಂತೂ ಶುದ್ಧ ಕ್ರೌರ್ಯ. ಮೈ ಆಡಿಸಲೇಬೇಕಾದ ಮಗುವಿಗೆ ಅದೊಂದೇ ಬಿಡುಗಡೆ. "ಮೊಬೈಲ್ ಕೊಟ್ರ ತಾಸಗಟ್ಟಲೆ ಕುಂಡ್ರತಾನಲ್ಲ" ಎನ್ನುವವರಿಗೂ ಹೇಳಬೇಕು: ಮೊಬೈಲಿನ ಆಟ ಕ್ಷಣಕ್ಷಣಕ್ಕೂ ಫಲ ತೋರಿಸುತ್ತದೆ, ಹತ್ತು ಲೆಕ್ಕ ಹಾಗೆ ತೋರಿಸುವುದಿಲ್ಲ.

ಹಾಗಾದರೆ ಲೆಕ್ಕವನ್ನೇ ಹಾಗೆ ಮಾಡಬಹುದಲ್ಲ? ಪುಟದ ಸಂಖ್ಯೆ ಬೋರ್ಡಿನ ಮೇಲೆ ದೊಡ್ಡದಾಗಿ ಇರಲಿ, ಪೀರಿಯಡ್ ಮುಗಿಯುವ ತನಕ ಅಳಿಸಬೇಡಿ. ಹುಡುಗನನ್ನು ಕಿಟಕಿ ಬಾಗಿಲು ಬಿಟ್ಟು ಮುಂದಿನ ಸಾಲಿಗೆ ತನ್ನಿ. ಒಂದು ಸಲಕ್ಕೆ ಒಂದೇ ಮಾತು, ಅದೂ ಬಳಿ ಹೋಗಿ: "ಪುಸ್ತಕ ತೆಗಿ." ತೆಗೆದ ಮೇಲೆ ಮುಂದಿನದು. ಹತ್ತರ ಬದಲು ಮೂರು ಲೆಕ್ಕ ಕೊಡಿ. ಮೂರು ಮುಗಿದ ಕೂಡಲೇ ಎದ್ದು ಬಂದು ತೋರಿಸಲಿ. ಎದ್ದು ಬರುವುದೇ ಅವನ ಕಾಲಿಗೆ ಬೇಕಾದ ಓಡಾಟ. "ಶಾಣ್ಯಾ" ಎಂದು ಬಿಟ್ಟರೆ ಸಾಲದು, "ಕೂಡಲೇ ಶುರು ಮಾಡಿದಿ, ಚಲೋ ಆತು" ಎಂದು ಮಾಡಿದ ಕೆಲಸದ ಹೆಸರು ಹಿಡಿದು ಹೇಳಿ. ಆಮೇಲೆ ಮತ್ತೆ ಮೂರು. ಸಂಜೆ ಮನೆಗೆ ಒಂದು ಚೀಟಿ ಹೋಗಲಿ, ಅದರಲ್ಲಿ ಎರಡೇ ಗುರಿ: ಹೇಳಿದ ಕೂಡಲೇ ಶುರು ಮಾಡಿದನೇ, ಕೊಟ್ಟ ಲೆಕ್ಕ ತೋರಿಸಿದನೇ. ಹೌದು ಎಂದಿದ್ದರೆ ಅವತ್ತೇ ಅವನಿಗೆ ಬೇಕಾದ ಆಟವೋ ಕಥೆಯೋ ಸಿಗಬೇಕು. ರವಿವಾರದ ತನಕ ಕಾಯಿಸಿದರೆ ಚೀಟಿ ಸತ್ತಂತೆ. ಕೆಲವು ವಾರಗಳಲ್ಲಿ ಇದೂ ಹಳತಾಗುತ್ತದೆ, ಆಗ ಬಹುಮಾನ ಬದಲಿಸಬೇಕು. ಬಿಟ್ಟ ದಿನ ತೊಂದರೆ ಮರಳುತ್ತದೆ, ಏಕೆಂದರೆ ಇದು ಗುಣಪಡಿಸುವ ಔಷಧವಲ್ಲ, ಕಣ್ಣಿಗೆ ಕನ್ನಡಕ ಇದ್ದಂತೆ.

ಇದು ನಮ್ಮ ಸಾಲಿಗಳಿಗೆ ಹೊಸದೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಇಂದು ಸರ್ಕಾರಿ ಸಾಲಿಗಳ ಒಂದರಿಂದ ಮೂರನೇ ತರಗತಿಯಲ್ಲಿದೆ. ಅಲ್ಲಿ ಮಗು ಕಾರ್ಡ್ ಹುಡುಕುತ್ತದೆ, ಎದ್ದು ಓಡಾಡುತ್ತದೆ, ಸಣ್ಣ ಮೆಟ್ಟಿಲುಗಳಲ್ಲಿ ಮುಂದೆ ಹೋಗುತ್ತದೆ. ನಾಲ್ಕನೇ ತರಗತಿಗೆ ಬಂದ ದಿನವೇ ಇವೆಲ್ಲ ನಿಂತುಹೋಗುತ್ತವೆ. ಮೂರನೇ ತನಕ ನಡೆದ ಹುಡುಗ ನಾಲ್ಕರಲ್ಲಿ "ಕೆಟ್ಟ" ಎಂದರೆ, ಕೆಟ್ಟದ್ದು ಯಾವುದೆಂದು ನೀವೇ ನೋಡಿ.

ಚಂಚಲ ಮಕ್ಕಳೆಲ್ಲರಿಗೂ ಈ ಹೆಸರು ಅಂಟಿಸಬಾರದು. ಮೊದಲು ಕಿವಿ, ಕಣ್ಣು, ನಿದ್ದೆ, ರಕ್ತಹೀನತೆ ನೋಡಬೇಕು, ಮನೆಯಲ್ಲಿ ಕುಡಿತ ಹೊಡೆತ ಇದೆಯೇ ಕೇಳಬೇಕು. ಲಕ್ಷಣಗಳು ಹನ್ನೆರಡು ವರ್ಷದೊಳಗೆ ಕಂಡಿರಬೇಕು, ಆರು ತಿಂಗಳಾದರೂ ಇರಬೇಕು, ಮನೆ ಸಾಲಿ ಎರಡೂ ಕಡೆ ಕಾಣಬೇಕು, ದಿನದ ಬದುಕಿಗೆ ಅಡ್ಡಿಯಾಗಿರಬೇಕು. ಒಬ್ಬ ಗುರುಗಳ ತಾಸಿನಲ್ಲಷ್ಟೇ ಕಂಡರೆ ಕಾರಣ ಬೇರೆ ಇದ್ದೀತು. ಇನ್ನು ಗದ್ದಲ ಮಾಡದೆ ಮೂಲೆಯಲ್ಲಿ ಕನಸು ಕಾಣುತ್ತ ಕೂತ ಹುಡುಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳನ್ನು "ದಡ್ಡಿ" ಎಂದು ಸಾಲಿ ಬಿಡಿಸಿ ಸೋಯಾಬೀನ್ ಹೊಲಕ್ಕೆ ಕಳಿಸುತ್ತಾರೆ. ಅವಳ ಎಡಿಎಚ್‌ಡಿಗೆ ಏಟೂ ಇಲ್ಲ, ಆರೈಕೆಯೂ ಇಲ್ಲ.

ಇದು ದೊಡ್ಡವರಾದರೆ ಎಲ್ಲರಲ್ಲೂ ಹೋಗುವುದಿಲ್ಲ, ವಂಶದಲ್ಲಿ ಹರಿಯುವುದೂ ಹೆಚ್ಚು. ಕಣ್ಣೆರಡು ಬಿಟ್ಟು ಹೊಡೀರಿ ಎಂದ ಅಪ್ಪನಿಗೇ ಅದು ಇರಬಹುದು. ಸೊಸೈಟಿಯ ಬೆಳೆಸಾಲ ಗಡುವಿನೊಳಗೆ ಕಟ್ಟಿದರೆ ಬಡ್ಡಿಯಿಲ್ಲ. ರೊಕ್ಕ ಮನೆಯಲ್ಲೇ ಇದ್ದು, ನಾಳೆ ನಾಳೆ ಎಂದು ದಿನ ದಾಟಿಸಿ ಬಡ್ಡಿ ತೆರುವವನನ್ನು ಊರು "ಬೇಜವಾಬ್ದಾರಿ" ಎನ್ನುತ್ತದೆ. ಅವನಿಗೂ ಬೈಗುಳ ಕೆಲಸಕ್ಕೆ ಬರುವುದಿಲ್ಲ. ತಾರೀಖನ್ನು ಬಾಗಿಲ ಮೇಲೆ ಬರೆಯಬೇಕು, ಮೊಬೈಲಿನಲ್ಲಿ ಎಂಟು ದಿನ ಮೊದಲೇ ಅಲಾರಂ ಇಡಬೇಕು, ಅವತ್ತು ಜೊತೆಗೆ ಹೋಗಲು ಒಬ್ಬ ಗೆಳೆಯನನ್ನು ಗೊತ್ತು ಮಾಡಬೇಕು. ಬೇಕಿದ್ದವರಿಗೆ ಔಷಧವೂ ಇದೆ. ಆದರೆ ಅದನ್ನು ಬರೆಯುವ ಮನೋವೈದ್ಯರಿಗಾಗಿ ಧಾರವಾಡದ ಡಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಹೋಗಬೇಕು. ರಾಮದುರ್ಗದ ನೇಕಾರನಿಗೆ ಅದು ಒಂದು ದಿನದ ಕೂಲಿಯ ನಷ್ಟ.

ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು 2010ರಿಂದಲೇ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂವತ್ತು ಆರೋಗ್ಯ ಸ್ಥಿತಿಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಹೆಸರಿದೆ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಇಪ್ಪತ್ತೊಂದರ ಪಟ್ಟಿಯಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಇಲ್ಲ. ಒಂದು ಕಾಗದ ಹುಡುಕು ಎನ್ನುತ್ತದೆ, ಇನ್ನೊಂದು ಹುಡುಕಿದ ಮಗುವಿಗೆ ಹಕ್ಕು ಕೊಡುವುದಿಲ್ಲ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ನಿಂತು ಕೇಳಿ: ಈ ವರ್ಷ ಆರೋಗ್ಯ ತಂಡ ನಮ್ಮ ಸಾಲಿಗೆ ಯಾವತ್ತು ಬಂದಿತ್ತು, ಗಮನದ ತೊಂದರೆಗಾಗಿ ಯಾರನ್ನು ನೋಡಿತು, ಯಾರನ್ನು ಎಲ್ಲಿಗೆ ಕಳಿಸಿತು? ಉತ್ತರ ಬಾಯಿಮಾತಿನಲ್ಲಿ ಬೇಡ, ಠರಾವು ಪುಸ್ತಕದಲ್ಲಿ ಬರೆಸಿ.